ಸೊನ್ನೆಗೆ ಕಟ್ಟಿದ ಗೆರೆ

R ತಂತ್ರಾಂಶದ ಜೊತೆಗೇ ಬರುವ ದತ್ತಾಂಶಗಳಲ್ಲಿ `cars` ಎಂಬುದೊಂದಿದೆ. 1920ರ ದಶಕದಲ್ಲಿ ಅಳೆದ ಐವತ್ತು ಸಾಲುಗಳು. ಕಾರಿನ ವೇಗ ಗಂಟೆಗೆ ಎಷ್ಟು ಮೈಲಿ, ಅದು ನಿಲ್ಲಲು ಎಷ್ಟು ಅಡಿ ಬೇಕಾಯಿತು ಎಂಬುದಷ್ಟೇ ಅದರಲ್ಲಿರುವುದು. ಇದರ ಮೇಲೆ ಎರಡು ರಿಗ್ರೆಶನ್ ಗೆರೆಗಳನ್ನು ಎಳೆಯೋಣ. ಮೊದಲನೆಯದರಲ್ಲಿ ಇಂಟರ್ಸೆಪ್ಟ್ ಇದೆ. ಎರಡನೆಯದರಲ್ಲಿ ಅದನ್ನು ಕಿತ್ತುಹಾಕಿ, ಗೆರೆ ಮೂಲಬಿಂದುವಿನ ಮೂಲಕವೇ ಹೋಗಬೇಕೆಂದು ಕಟ್ಟುಹಾಕಿದ್ದೇವೆ.

```
summary(lm(dist ~ speed, data = cars))
summary(lm(dist ~ 0 + speed, data = cars))
```

ಮೊದಲ ಗೆರೆಗೆ R² 0.65, ಎರಡನೆಯದಕ್ಕೆ 0.90. ಇಷ್ಟನ್ನೇ ನೋಡಿದವರು ಎರಡನೆಯ ಗೆರೆಯನ್ನೇ ಆರಿಸುತ್ತಾರೆ. ಆದರೆ ಶೇಷಗಳ ವರ್ಗಗಳನ್ನು ಕೂಡಿ ನೋಡಿದರೆ ಮೊದಲ ಗೆರೆಯ ತಪ್ಪು ಸುಮಾರು 11,354, ಎರಡನೆಯದರದು ಸುಮಾರು 12,955. ತಪ್ಪು ಹೆಚ್ಚಿದೆ, ಅಂಕವೂ ಹೆಚ್ಚಿದೆ. ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಯ ಜೊತೆಗೆ, ಇಂಟರ್ಸೆಪ್ಟ್ ಬಿಡುವುದು ಯಾವಾಗ ಸರಿ ಎಂಬ ಹಳೆಯ ಪ್ರಶ್ನೆಯೂ ಸೇರಿಕೊಂಡಿದೆ.

ಇಂಟರ್ಸೆಪ್ಟ್ ಇಲ್ಲದ ಲೆಕ್ಕ ಕನಿಷ್ಠ ವರ್ಗ ವಿಧಾನಕ್ಕಿಂತ ಮೊದಲೇ ಬಳಕೆಯಲ್ಲಿತ್ತು. ಲೆಜೆಂಡ್ರ್ ಆ ವಿಧಾನವನ್ನು ಪ್ರಕಟಿಸಿದ್ದು 1805ರಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ ಲಾಪ್ಲಾಸ್ ಫ್ರಾನ್ಸ್‌ನ ಜನಸಂಖ್ಯೆಯನ್ನು ಅಂದಾಜು ಮಾಡಲು ಒಂದು ಸರಳ ಉಪಾಯ ಹೂಡಿದ್ದ. ಜನನಗಳ ದಾಖಲೆ ದೇಶದಲ್ಲೆಲ್ಲ ಸಿಗುತ್ತಿತ್ತು, ತಲೆ ಎಣಿಕೆ ಸಿಗುತ್ತಿರಲಿಲ್ಲ. ಹಾಗಾಗಿ 30 ಪ್ರಾಂತ್ಯಗಳಲ್ಲಿ ಆರಿಸಿದ ಊರುಗಳಲ್ಲಿ ಮಾತ್ರ ತಲೆ ಎಣಿಸಿದರು. ಅಲ್ಲಿನ ಜನ 20,37,615. ಮೂರು ವರ್ಷದ ಜನನಗಳು 2,15,599. ವರ್ಷಕ್ಕೆ ಒಂದು ಜನನಕ್ಕೆ ಸುಮಾರು 28.35 ಜನ ಎಂದಾಯಿತು. ದೇಶದ ಜನನಗಳನ್ನು ಈ ಸಂಖ್ಯೆಯಿಂದ ಗುಣಿಸಿದರೆ ದೇಶದ ಜನಸಂಖ್ಯೆ. ಗೆರೆಯ ಭಾಷೆಯಲ್ಲಿ ಹೇಳುವುದಾದರೆ 28.35 ಎಂಬುದು ಮೂಲಬಿಂದುವಿನಿಂದ ಹೊರಟ ಗೆರೆಯ ಇಳಿಜಾರು. ಊರು ಎರಡರಷ್ಟು ದೊಡ್ಡದಾದರೆ ಜನನವೂ ಎರಡರಷ್ಟಾಗುತ್ತದೆ ಎಂಬ ಅನುಪಾತದ ನಂಬಿಕೆಯೇ ಇಲ್ಲಿ ಇಂಟರ್ಸೆಪ್ಟ್ ಬಿಡಲು ಕೊಟ್ಟ ಆಧಾರ.

ಈ ಉಪಾಯ ಯಾವ ಷರತ್ತಿನಲ್ಲಿ ಉತ್ತಮ ಎಂಬುದನ್ನು ಸಮೀಕ್ಷಾಶಾಸ್ತ್ರ ಇಪ್ಪತ್ತನೆಯ ಶತಮಾನದಲ್ಲಿ ಬಿಡಿಸಿ ಹೇಳಿತು. ವಿಲಿಯಂ ಕಾಕ್ರನ್ ಅವರ 1953ರ ಮಾದರಿ ಸಮೀಕ್ಷೆಯ ಪಠ್ಯವನ್ನೂ ರಿಚರ್ಡ್ ರಾಯಲ್ ಅವರ 1970ರ ಪ್ರಬಂಧವನ್ನೂ ಓದಿದವರಿಗೆ ಇದು ಗೊತ್ತಿರುತ್ತದೆ. ಷರತ್ತುಗಳು ಎರಡು: ಗೆರೆ ಮೂಲಬಿಂದುವಿನ ಮೂಲಕ ಹೋಗಬೇಕು, ಮತ್ತು ಗೆರೆಯ ಸುತ್ತಲಿನ ಚದುರುವಿಕೆಯ ವರ್ಗಮಾನ x ಬೆಳೆದಷ್ಟೇ ಬೆಳೆಯಬೇಕು. ಆಗ y ಮೊತ್ತವನ್ನು x ಮೊತ್ತದಿಂದ ಭಾಗಿಸುವ ಲಾಪ್ಲಾಸನ ಲೆಕ್ಕವೇ ಶ್ರೇಷ್ಠ. ಚದುರುವಿಕೆ ಎಲ್ಲೆಡೆ ಒಂದೇ ಆಗಿದ್ದರೆ ಮಾತ್ರ ಸಾಮಾನ್ಯ ಕನಿಷ್ಠ ವರ್ಗದ ಇಳಿಜಾರು, ಅಂದರೆ `sum(x*y)/sum(x^2)`, ಶ್ರೇಷ್ಠ. ನಮ್ಮ ಕಾರುಗಳಲ್ಲಿ ಮೊದಲ ಲೆಕ್ಕ 2.79 ಕೊಡುತ್ತದೆ, ಎರಡನೆಯದು 2.91. ಇಂಟರ್ಸೆಪ್ಟ್ ಬಿಡುವ ತೀರ್ಮಾನದ ಬಾಲಕ್ಕೆ ಚದುರುವಿಕೆಯ ಪ್ರಶ್ನೆಯೂ ಅಂಟಿಕೊಂಡೇ ಬರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಇನ್ನೊಂದು ಬಗೆಯ ಸಮರ್ಥನೆ ಜೀವವಿಜ್ಞಾನದಿಂದ ಬಂತು. ನನಗೆ ಎಲ್ಲಕ್ಕಿಂತ ಗಟ್ಟಿ ಎನಿಸುವುದು ಅದೇ. 1985ರಲ್ಲಿ ಜೋ ಫೆಲ್ಸೆನ್‌ಸ್ಟೈನ್ ಪ್ರಭೇದಗಳನ್ನು ಹೋಲಿಸಲು ಒಂದು ವಿಧಾನ ಕೊಟ್ಟರು. ಹತ್ತಿರದ ನೆಂಟಸ್ತಿಕೆಯ ಎರಡು ಪ್ರಭೇದಗಳು ಸ್ವತಂತ್ರ ಸಾಕ್ಷಿಗಳಲ್ಲ. ಆದ್ದರಿಂದ ವಂಶವೃಕ್ಷದ ಪ್ರತಿ ಕವಲಿನಲ್ಲೂ ಎರಡು ಕೊಂಬೆಗಳ ನಡುವಿನ ವ್ಯತ್ಯಾಸವನ್ನು ತೆಗೆದುಕೊಂಡು, ಒಂದು ಗುಣದ ವ್ಯತ್ಯಾಸಗಳಿಗೂ ಇನ್ನೊಂದು ಗುಣದ ವ್ಯತ್ಯಾಸಗಳಿಗೂ ಗೆರೆ ಎಳೆಯಬೇಕು. ಎಡ ಕೊಂಬೆಯಿಂದ ಬಲ ಕೊಂಬೆಯನ್ನು ಕಳೆಯಬೇಕೋ, ಬಲದಿಂದ ಎಡವನ್ನೋ? ಅದಕ್ಕೆ ನಿಯಮವಿಲ್ಲ. ಕ್ರಮ ಅದಲುಬದಲಾದರೆ x ಮತ್ತು y ಎರಡರ ಚಿಹ್ನೆಯೂ ಒಟ್ಟಿಗೆ ತಿರುಗುತ್ತದೆ, ಬಿಂದು ಮೂಲಬಿಂದುವಿನ ಆಚೆ ಬದಿಗೆ ಹಾರುತ್ತದೆ. ಹೀಗೆ ಹಾರಿದರೂ ಬದಲಾಗದ ಗೆರೆ ಮೂಲಬಿಂದುವಿನ ಮೂಲಕ ಹೋಗುವ ಗೆರೆ ಮಾತ್ರ. ಇಲ್ಲಿ ಇಂಟರ್ಸೆಪ್ಟ್ ಇಟ್ಟುಕೊಳ್ಳುವುದೇ ತಪ್ಪು, ಏಕೆಂದರೆ ನಾವು ಮನಸ್ಸಿಗೆ ಬಂದಂತೆ ಆರಿಸಿದ ಚಿಹ್ನೆಗಳ ಮೇಲೆ ಉತ್ತರ ನಿಂತುಬಿಡುತ್ತದೆ.

ಇವೆರಡರ ಪಕ್ಕದಲ್ಲಿ ಕಾರುಗಳನ್ನು ಇಡೋಣ. ನಿಂತ ಕಾರಿಗೆ ನಿಲ್ಲಲು ದೂರ ಬೇಕಿಲ್ಲ. ವೇಗ ಸೊನ್ನೆಯಾದರೆ ದೂರವೂ ಸೊನ್ನೆ. ಆದರೆ ಮೊದಲ ಗೆರೆಯ ಇಂಟರ್ಸೆಪ್ಟ್ -17.6 ಅಡಿ ಎನ್ನುತ್ತದೆ, ಅಂದರೆ ನಿಂತ ಕಾರು ಹದಿನೇಳು ಅಡಿ ಹಿಂದಕ್ಕೆ ಹೋಗಬೇಕು! ಇದನ್ನು ಕಂಡ ಕೂಡಲೇ ಇಂಟರ್ಸೆಪ್ಟ್ ಅಳಿಸಬೇಕೆನಿಸುವುದು ಸಹಜ. ತಪ್ಪುವುದು ಇಲ್ಲೇ. ಸಂಬಂಧ ಮೂಲಬಿಂದುವಿನ ಮೂಲಕ ಹೋಗುತ್ತದೆ ಎಂಬುದು ಒಂದು ಮಾತು, ಆ ಸಂಬಂಧ ನೇರ ಗೆರೆ ಎಂಬುದು ಬೇರೊಂದು ಮಾತು. ಚಾಲಕ ಎಚ್ಚೆತ್ತು ಬ್ರೇಕ್ ಒತ್ತುವವರೆಗೆ ಕಾರು ಓಡುವ ದೂರ ವೇಗದ ಅನುಪಾತದಲ್ಲಿರುತ್ತದೆ, ಬ್ರೇಕ್ ಹಿಡಿದ ಮೇಲಿನ ದೂರ ವೇಗದ ವರ್ಗದ ಅನುಪಾತದಲ್ಲಿರುತ್ತದೆ. ನಿಜವಾದ ಸಂಬಂಧ ಮೇಲಕ್ಕೆ ಬಾಗಿದ ವಕ್ರರೇಖೆ. ದತ್ತಾಂಶ ಇರುವುದು 4ರಿಂದ 25 ಮೈಲಿಯ ನಡುವೆ. ಆ ತುಣುಕಿಗೆ ನೇರ ಗೆರೆ ಒರಗಿಸಿದರೆ ಅದು y ಅಕ್ಷವನ್ನು ಸೊನ್ನೆಯ ಕೆಳಗೆ ಮುಟ್ಟುತ್ತದೆ. ಬಾಗು ಇದೆ ಎಂದು -17.6 ಹೇಳುತ್ತಿತ್ತು, ಇಂಟರ್ಸೆಪ್ಟ್ ಅಳಿಸಿದವರು ಅದರ ಬಾಯಿ ಮುಚ್ಚಿಸಿದರು.

ಕಟ್ಟಿಹಾಕಿದ ಗೆರೆಯ ಶೇಷಗಳನ್ನು ನೋಡಿದರೆ ಇದು ಬರಿಗಣ್ಣಿಗೇ ಕಾಣುತ್ತದೆ. 4, 7, 8, 9 ಮೈಲಿಯ ಆರು ಅಳತೆಗಳಲ್ಲಿ ಐದು ಗೆರೆಯ ಕೆಳಗಿವೆ. 24 ಮತ್ತು 25 ಮೈಲಿಯ ಐದೂ ಅಳತೆಗಳು ಗೆರೆಯ ಮೇಲಿವೆ. ಇಂಟರ್ಸೆಪ್ಟ್ ಇದ್ದರೆ ಶೇಷಗಳ ಮೊತ್ತ ಸೊನ್ನೆಯಾಗಲೇಬೇಕು. ಇಲ್ಲಿ ಮೊತ್ತ ಸುಮಾರು -91, ಅಂದರೆ ಗೆರೆ ಪ್ರತಿ ಕಾರಿಗೂ ಸರಾಸರಿ 1.8 ಅಡಿ ಹೆಚ್ಚು ಹೇಳುತ್ತಿದೆ.

ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲೂ ಇದೇ ಕಥೆ. ಬಣ್ಣದ ದ್ರಾವಣ ಬೆಳಕನ್ನು ಹೀರುವ ಪ್ರಮಾಣ ಅದರ ಸಾಂದ್ರತೆಗೆ ಅನುಪಾತವಾಗಿರುತ್ತದೆ ಎಂದು ಬಿಯರ್ ನಿಯಮ ಹೇಳುತ್ತದೆ. ಆದರೆ ಉಪಕರಣ ತೋರಿಸುವ ಅಂಕಿಯಲ್ಲಿ ಗಾಜಿನ ಕೊಳೆ, ದ್ರಾವಕದ ಹೀರಿಕೆ ಎಲ್ಲವೂ ಸೇರಿರಬಹುದು. ಅವುಗಳ ಲೆಕ್ಕ ಹೊರುವುದು ಇಂಟರ್ಸೆಪ್ಟೇ.

ಇನ್ನು R² ವಿಷಯಕ್ಕೆ ಬರೋಣ. ಅದೊಂದು ಪೈಪೋಟಿಯ ಅಂಕ. ನಮ್ಮ ಗೆರೆಯ ತಪ್ಪನ್ನು ಇನ್ನೊಂದು ಸರಳ ಊಹೆಯ ತಪ್ಪಿನಿಂದ ಭಾಗಿಸಿ, ಒಂದರಿಂದ ಕಳೆಯುತ್ತೇವೆ. ಸಾಮಾನ್ಯವಾಗಿ ಆ ಎದುರಾಳಿ ಸರಾಸರಿ: ವೇಗ ಎಷ್ಟೇ ಇರಲಿ, ಎಲ್ಲ ಕಾರುಗಳೂ 43 ಅಡಿಯಲ್ಲಿ ನಿಲ್ಲುತ್ತವೆ ಎಂಬ ಊಹೆ. ಅದರ ತಪ್ಪು 32,539. ಇಂಟರ್ಸೆಪ್ಟ್ ತೆಗೆದ ಕೂಡಲೇ R ಎದುರಾಳಿಯನ್ನೇ ಬದಲಿಸುತ್ತದೆ. ಈಗ ಎದುರಿಗಿರುವುದು ಎಲ್ಲ ಕಾರುಗಳೂ ಸೊನ್ನೆ ಅಡಿಯಲ್ಲಿ ನಿಲ್ಲುತ್ತವೆ ಎಂಬ ಊಹೆ, ಅದರ ತಪ್ಪು 1,24,903. ಇಂಥ ಎದುರಾಳಿಯ ಮುಂದೆ ಯಾವ ಗೆರೆ ಸೋತೀತು? ಹಳೆಯ ಎದುರಾಳಿಯನ್ನೇ ಉಳಿಸಿಕೊಂಡರೆ ಎರಡನೆಯ ಗೆರೆಯ ಅಂಕ 0.60. ಮೊದಲ ಗೆರೆಯ 0.65ಕ್ಕೆ ಹೋಲಿಸಬೇಕಾದದ್ದು ಇದನ್ನು.

ತಂತ್ರಾಂಶ ಬರೆದವರು ಮೋಸ ಮಾಡಿಲ್ಲ. ಇಂಟರ್ಸೆಪ್ಟ್ ಇದ್ದಾಗ ಸರಾಸರಿಯ ಮಟ್ಟಸ ಗೆರೆಯೂ ನಮ್ಮ ಮಾದರಿಯೊಳಗೇ ಇರುತ್ತದೆ, ಹಾಗಾಗಿ ನಾವು ಅದಕ್ಕೆ ಸೋಲುವುದಿಲ್ಲ. ಇಂಟರ್ಸೆಪ್ಟ್ ಹೋದ ಮೇಲೆ ಮಾದರಿಯೊಳಗೆ ಉಳಿಯುವ ಮಟ್ಟಸ ಗೆರೆ ಸೊನ್ನೆಯದು ಮಾತ್ರ. ಒಟ್ಟು ವರ್ಗಮೊತ್ತವನ್ನು ಗೆರೆಯ ಪಾಲು, ಶೇಷದ ಪಾಲು ಎಂದು ಚೊಕ್ಕಟವಾಗಿ ಒಡೆಯಲು ಆಗುವುದೂ ಸೊನ್ನೆಯಿಂದ ಅಳೆದಾಗಲೇ. ಒಳಲೆಕ್ಕ ಸರಿಯೇ ಇದೆ. ಬೇರೆ ಬೇರೆ ಮೊಳದಲ್ಲಿ ಅಳೆದ ಎರಡು ಅಂಕಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ತಪ್ಪು.

ಎಷ್ಟು ದೂರ ದಾರಿ ತಪ್ಪಬಹುದು ಎನ್ನಲು ಐದು ಬಿಂದುಗಳು ಸಾಕು. x: 10, 11, 12, 13, 14. y: 51, 49, 50, 49, 51. ಇವೆರಡರ ನಡುವಿನ ಸಹಸಂಬಂಧ ಸರಿಯಾಗಿ ಸೊನ್ನೆ. ಮೂಲಬಿಂದುವಿನಿಂದ ಗೆರೆ ಎಳೆದರೆ ಇಳಿಜಾರು 4.11, R ಕೊಡುವ R² 0.986. ಸರಾಸರಿಯನ್ನು ಎದುರಾಳಿಯಾಗಿಸಿ ಲೆಕ್ಕ ಹಾಕಿದರೆ ಅದು -42.8. ಎರಡೂ ಒಂದೇ ಗೆರೆಯ ಅಂಕಗಳು. ಬಿಂದುಗಳೆಲ್ಲ ಸೊನ್ನೆಯಿಂದ ದೂರದಲ್ಲಿ ಗುಂಪಾಗಿವೆ ಎಂಬುದಷ್ಟನ್ನೇ 0.986 ಹೇಳುತ್ತಿದೆ.

1983ರಲ್ಲಿ ಜಾರ್ಜ್ ಕ್ಯಾಸೆಲ್ಲಾ ಇದನ್ನು ಇನ್ನೊಂದು ಕೋನದಿಂದ ತೋರಿಸಿದರು. ಇಂಟರ್ಸೆಪ್ಟ್ ಬಿಡುವುದೂ ದತ್ತಾಂಶಕ್ಕೆ ಒಂದು ಹುಸಿ ಬಿಂದು ಸೇರಿಸಿ ಮಾಮೂಲಿ ರಿಗ್ರೆಶನ್ ಮಾಡುವುದೂ ಇಳಿಜಾರಿನ ಮಟ್ಟಿಗೆ ಒಂದೇ. ಆ ಬಿಂದು ಸರಾಸರಿಗಳ n/(√(n+1) − 1) ಪಟ್ಟು ದೂರದಲ್ಲಿರುತ್ತದೆ. ಐವತ್ತು ಕಾರುಗಳಿಗೆ ಇದು 8.14 ಪಟ್ಟು. ಸರಾಸರಿ ವೇಗ 15.4, ಸರಾಸರಿ ದೂರ 42.98. ಗಂಟೆಗೆ 125 ಮೈಲಿ ವೇಗದಲ್ಲಿ ಓಡಿ 350 ಅಡಿಯಲ್ಲಿ ನಿಂತ ಒಂದು ಕಾರನ್ನು ನಾವೇ ಪಟ್ಟಿಗೆ ಸೇರಿಸಿದಂತಾಯಿತು, ಪಟ್ಟಿಯ ಅತಿ ವೇಗದ ಕಾರು 25 ಮೈಲಿಯದಾಗಿರುವಾಗ! ಈ ಐವತ್ತೊಂದು ಬಿಂದುಗಳ ಮಾಮೂಲಿ R² ಲೆಕ್ಕ ಹಾಕಿದರೆ ಅದೇ 0.90 ಬರುತ್ತದೆ. ದೂರದ ಆ ಒಂಟಿ ಬಿಂದುವೇ ಅಂಕವನ್ನು ಎತ್ತಿ ಹಿಡಿದಿದೆ.

ಎರಡು ವರ್ಷಗಳ ನಂತರ ಟಾರಾಲ್ಡ್ ಕ್ವಾಲ್ಸೆತ್, ಪುಸ್ತಕಗಳಲ್ಲೂ ತಂತ್ರಾಂಶಗಳಲ್ಲೂ R² ಎಂಬ ಹೆಸರಿನಲ್ಲಿ ಓಡಾಡುತ್ತಿದ್ದ ಎಂಟು ಸೂತ್ರಗಳನ್ನು ಪಟ್ಟಿಮಾಡಿದರು. ಇಂಟರ್ಸೆಪ್ಟ್ ಇರುವ ನೇರ ಗೆರೆಗೆ ಅವುಗಳಲ್ಲಿ ಹೆಚ್ಚಿನವು ಒಂದೇ ಉತ್ತರ ಕೊಡುತ್ತವೆ, ಇಲ್ಲದಾಗ ಚೆಲ್ಲಾಪಿಲ್ಲಿಯಾಗುತ್ತವೆ. ಎದುರಾಳಿ ಸದಾ ಸರಾಸರಿಯೇ ಆಗಿರಲಿ ಎಂಬುದು ಅವರ ಸಲಹೆ. ಗೊಂದಲ ಅಷ್ಟಕ್ಕೇ ಮುಗಿಯಲಿಲ್ಲ. ಎಕ್ಸೆಲ್‌ನ `LINEST` 2003ಕ್ಕಿಂತ ಮೊದಲು ಇಂಟರ್ಸೆಪ್ಟ್ ಇಲ್ಲದಾಗಲೂ ಸರಾಸರಿಯಿಂದಲೇ ಅಳೆದು ಕೆಲವೊಮ್ಮೆ ಋಣ ಅಂಕ ಕೊಡುತ್ತಿತ್ತು; 2003ರ ಆವೃತ್ತಿಯಲ್ಲಿ ಸೊನ್ನೆಯಿಂದ ಅಳೆಯತೊಡಗಿತು. ಪೈಥಾನ್‌ನ scikit-learn ಸರಾಸರಿಯಿಂದ ಅಳೆಯುತ್ತದೆ. statsmodels ಸೊನ್ನೆಯಿಂದ ಅಳೆದರೂ `R-squared (uncentered)` ಎಂದು ಪಕ್ಕದಲ್ಲೇ ಮುದ್ರಿಸುತ್ತದೆ. ಈ ಪ್ರಾಮಾಣಿಕತೆ ನನಗೆ ಮೆಚ್ಚುಗೆ.

ನಾನಾದರೆ ಹೋಲಿಕೆಗೆ R² ಬದಿಗಿಟ್ಟು ಶೇಷಗಳ ಪ್ರಮಾಣ ದೋಷವನ್ನು ನೋಡುತ್ತೇನೆ. ಅದು ಅಡಿಗಳಲ್ಲೇ ಇರುತ್ತದೆ, ಎದುರಾಳಿಯ ಹಂಗಿಲ್ಲ. ಮೊದಲ ಗೆರೆಗೆ 15.38 ಅಡಿ, ಕಟ್ಟಿಹಾಕಿದ ಗೆರೆಗೆ 16.26. ಇಂಟರ್ಸೆಪ್ಟ್ ಇಲ್ಲದೆಯೇ ವೇಗ ಮತ್ತು ವೇಗದ ವರ್ಗ ಎರಡನ್ನೂ ಹಾಕಿದ ವಕ್ರರೇಖೆಗೆ 15.02. ಮೂಲಬಿಂದುವಿನ ಮೂಲಕ ಹೋಗಬೇಕೆಂಬ ಹಟ ಇಲ್ಲಿ ಸರಿಯಾದ ಆಕಾರದೊಂದಿಗೆ ಸೇರಿತು. 4 ಮೈಲಿ ವೇಗದಲ್ಲಿ ಕಾರುಗಳು ನಿಂತದ್ದು 2 ಮತ್ತು 10 ಅಡಿಗಳಲ್ಲಿ. ಮೊದಲ ಗೆರೆ -1.8 ಅಡಿ ಎನ್ನುತ್ತದೆ, ಕಟ್ಟಿಹಾಕಿದ ಗೆರೆ 11.6 ಎನ್ನುತ್ತದೆ, ವಕ್ರರೇಖೆ 6.4 ಎನ್ನುತ್ತದೆ. 24 ಮೈಲಿಯಲ್ಲಿ ಮಾತ್ರ ಅದೂ ಎಡವುತ್ತದೆ: ಅದರ ಊಹೆ 82 ಅಡಿ, ಅಳೆದದ್ದು 70ರಿಂದ 120. ವೇಗ ಏರಿದಂತೆ ಚದುರುವಿಕೆಯೂ ಏರುತ್ತಿದೆ. ಯಾವ ಕಾರಿಗೆ ಎಷ್ಟು ತೂಕ ಕೊಡಬೇಕು ಎಂಬ ಪ್ರಶ್ನೆ, ಕಾಕ್ರನ್ ಮತ್ತು ರಾಯಲ್ ಎತ್ತಿದ ಅದೇ ಪ್ರಶ್ನೆ, ಈ ಐವತ್ತು ಸಾಲುಗಳಲ್ಲಿ ಇನ್ನೂ ಬಾಕಿ ಇದೆ.