ಸಂಗೀತಶಾಲೆಯ ನಾಮಕರಣ: ಗದಗಿನ ವೀರೇಶ್ವರ ಪುಣ್ಯಾಶ್ರಮ

ಸಂಸ್ಥೆಯ ಹೆಸರೂ ಇತಿಹಾಸಕಾರನಿಗೆ ಒಂದು ಆಧಾರವೇ. ಅದನ್ನು ಇಟ್ಟವರು ಯಾರನ್ನು ಸ್ಮರಿಸಿದರು, ಯಾರ ವಿಶ್ವಾಸವನ್ನು ಬಯಸಿದರು ಎಂಬುದನ್ನು ಅದರಿಂದ ಊಹಿಸಬಹುದು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುತ್ತೇವೆ.

ಹೋಲಿಕೆಗೆ ಮೊದಲು ಇನ್ನೊಂದು ಹೆಸರನ್ನು ನೋಡೋಣ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಸಂಗೀತವೃತ್ತಿಯನ್ನು ಗೃಹಸ್ಥರು ಶಂಕೆಯಿಂದ ಕಾಣುತ್ತಿದ್ದ ಕಾಲವದು. ‘ಗಾಂಧರ್ವ’ ಎಂಬ ಪದ ಕಲೆಯನ್ನು ಪುರಾತನ ಶಾಸ್ತ್ರಕ್ಕೆ ಜೋಡಿಸಿತು. ‘ಮಹಾವಿದ್ಯಾಲಯ’ ಎಂಬ ಪದ ಪಠ್ಯಕ್ರಮ, ಪರೀಕ್ಷೆಗಳುಳ್ಳ ಶಾಲೆಯ ಭರವಸೆಯನ್ನು ತಂದೆತಾಯಿಗಳಿಗೆ ನೀಡಿತು.

ಗದಗಿನ ಹೆಸರು ಬೇರೆ ಮಾರ್ಗವನ್ನು ಹಿಡಿಯಿತು. ಅದರಲ್ಲಿ ಸಂಗೀತದ ಮಾತೇ ಇಲ್ಲ. ಹುಟ್ಟುಕುರುಡರಾದ ಪಂಚಾಕ್ಷರ ಗವಾಯಿಗಳು ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತವನ್ನು ಕಲಿತು, ಶಿಷ್ಯರೊಡನೆ ಊರೂರು ಸಂಚರಿಸುತ್ತ ಪಾಠ ಹೇಳಿದರು. ಬಸರಿಗಿಡದ ವೀರಪ್ಪನವರ ದಾನದಿಂದ ಗದಗಿನಲ್ಲಿ ಅವರಿಗೆ ನೆಲೆ ದೊರೆಯಿತು. ಸಂಸ್ಥೆಯ ಹೆಸರಿಗೂ ಆ ದಾನಿಯ ಹೆಸರೇ ಮೂಲವಾಯಿತು.

ಈ ರೂಪಾಂತರವು ಗಮನಾರ್ಹವಾದುದು. ‘ವೀರಪ್ಪ’ ಎಂಬುದು ವ್ಯಕ್ತಿಯ ಹೆಸರು. ‘ವೀರೇಶ್ವರ’ ಎಂದಾಗ ಅದು ಶಿವನ ಹೆಸರಾಗುತ್ತದೆ. ದಾನಿಗೆ ಕೃತಜ್ಞತೆಯನ್ನು ಸಲ್ಲಿಸಿಯೂ ಹೆಸರು ಒಂದು ಮನೆತನದ ಸ್ವತ್ತಾಗಿ ಉಳಿಯಲಿಲ್ಲ. ಲಖನೌದಲ್ಲಿ 1926ರಲ್ಲಿ ಪ್ರಾಂತಾಧಿಪತಿಯ ಹೆಸರಿನಿಂದ ಆರಂಭವಾದ ಮ್ಯಾರಿಸ್ ಕಾಲೇಜು ಸ್ವಾತಂತ್ರ್ಯಾನಂತರ ಭಾತಖಂಡೆಯವರ ಹೆಸರನ್ನು ಧರಿಸಬೇಕಾಯಿತು. ಅಧಿಕಾರಿಯ ಹೆಸರು ಅಧಿಕಾರದೊಡನೆ ಅಳಿಯಿತು. ದೇವರ ಹೆಸರಿಗೆ ಆ ಅಪಾಯವಿರಲಿಲ್ಲ.

ಇನ್ನು ‘ಪುಣ್ಯಾಶ್ರಮ’. ಇಲ್ಲಿಗೆ ಬಂದವರಲ್ಲಿ ಅಂಧರೂ ಬಡವರೂ ಆದ ಮಕ್ಕಳು ಬಹುಮಂದಿ. ಅಂಥ ಮಗುವನ್ನು ಬಿಟ್ಟುಹೋಗುವ ತಾಯಿಗೆ ಪರೀಕ್ಷೆಯ ಪ್ರಮಾಣಪತ್ರಕ್ಕಿಂತ ಮೊದಲು ಬೇಕಾದುದು ಅನ್ನ, ವಸತಿ, ಸನ್ನಡತೆಗಳ ಭರವಸೆ. ‘ವಿದ್ಯಾಲಯ’ ಎಂಬ ಪದ ಪಾಠವನ್ನಷ್ಟೇ ಹೇಳುತ್ತದೆ. ‘ಆಶ್ರಮ’ ಎಂಬುದು ಆಸರೆಯನ್ನೂ ಗುರುಕುಲದ ಶಿಸ್ತನ್ನೂ ಸೂಚಿಸುತ್ತದೆ.

ಈ ಕ್ರಮಕ್ಕೆ ಒಂದು ಮಿತಿಯುಂಟು: ಅಪರಿಚಿತನಿಗೆ ಈ ಹೆಸರಿನಿಂದ ಕಲಿಸುವ ವಿದ್ಯೆ ಯಾವುದೆಂದು ತಿಳಿಯದು. ಆ ಕೊರತೆಯನ್ನು ತುಂಬಿದವರು ಗುರುಗಳು. ಪಂಚಾಕ್ಷರ ಗವಾಯಿಗಳು 1944ರಲ್ಲಿ ಗತಿಸಿದ ಮೇಲೆ 2010ರವರೆಗೆ ಪುಟ್ಟರಾಜ ಗವಾಯಿಗಳು ಆಶ್ರಮವನ್ನು ನಡೆಸಿದರು. ಪಂಚಾಕ್ಷರ ಗವಾಯಿಗಳ ಶಿಷ್ಯ ಬಸವರಾಜ ರಾಜಗುರುಗಳಂಥವರ ಗಾಯನವು ಹೆಸರು ಹೇಳದುದನ್ನು ಹೇಳಿತು.

ಆದುದರಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಹೊಸ ಶಾಲೆಯನ್ನು ತೆರೆಯುವವರು ಎರಡು ಪದಗಳನ್ನೂ ಬೇರೆಬೇರೆಯಾಗಿ ತೂಗಿ ನೋಡಬೇಕು. ಮೊದಲನೆಯದು ಯಾರಿಗೆ ಸಲ್ಲುವ ಋಣ? ಎರಡನೆಯದು ತಂದೆತಾಯಿಗಳಿಗೆ ಕೊಡುವ ಯಾವ ಮಾತು? ಸಂಜೆ ಒಂದು ಗಂಟೆ ಪಾಠ ಹೇಳುವ ಕೋಣೆಗೆ ‘ಆಶ್ರಮ’ವೆಂಬ ಹೆಸರು ಸಲ್ಲದು, ಪರೀಕ್ಷೆಗೆ ಕೂರಿಸದ ಶಾಲೆಗೆ ‘ಮಹಾವಿದ್ಯಾಲಯ’ವೂ ಸಲ್ಲದು. ಗದಗಿನಲ್ಲಿ ಹೆಸರು ನಿಂತುದು ಅದರೊಳಗಿನ ಮಾತನ್ನು ನಿತ್ಯದ ಅನ್ನವೂ ಪಾಠವೂ ಉಳಿಸಿಕೊಂಡುದರಿಂದ.