ಡಬ್ಬಿಂಗ್‌ಗಾಗಿ ಕಾರ್ಟೂನ್ ಪಾತ್ರದ ಬಾಯಿಯನ್ನು ಮತ್ತೆ ಬಿಡಿಸುತ್ತಾರಾ?

ಬೇರೆ ಭಾಷೆಯ ಕಾರ್ಟೂನ್ ಕನ್ನಡದಲ್ಲಿ ಮಾತಾಡುವಾಗ ತುಟಿ ಸರಿಯಾಗಿ ಹೊಂದಿದರೆ, ‘ಚಿತ್ರವನ್ನೇ ಮತ್ತೆ ಬಿಡಿಸಿದ್ದಾರೆ’ ಎಂದು ಹಲವರು ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಚಿತ್ರ ಹಾಗೇ ಇರುತ್ತದೆ, ಬದಲಾಗುವುದು ಸಂಭಾಷಣೆ.

ಸಂಭಾಷಣೆ ಬರೆಯುವವರು ಮೊದಲು ನೋಡುವುದು ತುಟಿ ಮುಚ್ಚುವ ಜಾಗವನ್ನು. ಶಾಲೆಯಲ್ಲಿ ಕಲಿತ ಪ, ಫ, ಬ, ಭ, ಮ ನೆನಪಿದೆಯಲ್ಲವೇ? ತುಟಿ ಮುಚ್ಚದೆ ಇವನ್ನು ಹೇಳಲು ಆಗುವುದಿಲ್ಲ. ನೋಡುವವರ ಕಣ್ಣಿಗೆ ತಪ್ಪು ಬೇಗ ಕಾಣುವುದೂ ಇಲ್ಲೇ.

ಒಂದು ಉದಾಹರಣೆ ನೋಡೋಣ. ಮರಿ ಕರಡಿ ಇಂಗ್ಲಿಷ್‌ನಲ್ಲಿ ‘ಕಮ್ ಬ್ಯಾಕ್, ಪಾಪಾ’ ಎನ್ನುತ್ತದೆ. ಮ್ ಮತ್ತು ಬ ಒಟ್ಟಿಗೆ ಬರುವುದರಿಂದ ಅಲ್ಲಿ ತುಟಿ ಒಮ್ಮೆ ಮುಚ್ಚುತ್ತದೆ. ‘ಪಾಪಾ’ದಲ್ಲಿ ಎರಡು ಸಲ. ಒಟ್ಟು ಮೂರು.

ಇದನ್ನು ‘ಅಪ್ಪಾ, ಹಿಂದಿರುಗಿ ಬನ್ನಿ’ ಎಂದು ಅನುವಾದಿಸಿದರೆ ಅರ್ಥ ಸರಿ. ಆದರೆ ಮಾತು ಉದ್ದವಾಯಿತು, ತುಟಿ ಮುಚ್ಚುವುದೂ ಎರಡೇ ಸಲ. ಕರಡಿ ಬಾಯಿ ಮುಚ್ಚಿದ ಮೇಲೂ ಧ್ವನಿ ಕೇಳುತ್ತಿರುತ್ತದೆ.

‘ವಾಪಸ್ ಬಾಪ್ಪಾ’ ಎಂದು ಹೇಳಿ ನೋಡಿ. ಪ, ಬ, ಪ್ಪ: ಮೂರು ಸಲ ಮುಚ್ಚಿತು. ಕೊನೆಯಲ್ಲಿ ಬಾಯಿ ‘ಆ’ ಎಂದು ತೆರೆದೇ ಇರುತ್ತದೆ, ಮೂಲದಲ್ಲಿದ್ದ ಹಾಗೆ.

ಪ್ರತಿ ಸಾಲಿಗೂ ಇಂಥ ಪದ ಸಿಗುವುದಿಲ್ಲ. ಆಗ ಮುಖ ಹತ್ತಿರದಿಂದ ಕಾಣುವ ದೃಶ್ಯದಲ್ಲಿ ತುಟಿಗೆ ಆದ್ಯತೆ. ಪಾತ್ರ ದೂರದಲ್ಲಿದ್ದರೆ ಅಥವಾ ಬೆನ್ನು ತಿರುಗಿಸಿದ್ದರೆ ಅರ್ಥಕ್ಕೆ ಆದ್ಯತೆ.

ನೀವೇ ಪರೀಕ್ಷಿಸಬೇಕೇ? ದೃಶ್ಯವನ್ನು ನಿಧಾನಗತಿಯಲ್ಲಿ ಓಡಿಸಿ, ಪ, ಬ, ಮ ಕೇಳಿದಾಗ ತುಟಿ ಮುಚ್ಚಿದೆಯೇ ಎಂದು ನೋಡಿ.