ಒಪ್ಪಿಗೆಗೆ ಅಂಕ ಕೊಡುವ ಬಗೆ: ಲಿಕರ್ಟ್ ಮಾಪಕ ನಡೆದು ಬಂದ ದಾರಿ

'ಪೂರ್ತಿ ಒಪ್ಪುತ್ತೇನೆ' ಎಂಬಲ್ಲಿಂದ 'ಖಂಡಿತ ಒಪ್ಪುವುದಿಲ್ಲ' ಎಂಬವರೆಗೆ ಐದು ಆಯ್ಕೆಗಳು, ಅವಕ್ಕೆ 5ರಿಂದ 1ರವರೆಗೆ ಅಂಕ. ಶಿಕ್ಷಣ, ಆರೋಗ್ಯ, ಸಮಾಜಶಾಸ್ತ್ರ, ಮಾರುಕಟ್ಟೆ ಸಮೀಕ್ಷೆ ಎಲ್ಲಿ ನೋಡಿದರೂ ಈ ಪ್ರಶ್ನಾವಳಿ ಇದೆ. ಅದನ್ನು ಬಳಸಿದವರಿಗೆಲ್ಲ ಎರಡು ಪ್ರಶ್ನೆಗಳು ಎದುರಾಗುತ್ತವೆ. ಈ ಅಂಕಗಳು ಕೂಡಿ ಕಳೆಯಬಹುದಾದ ಸಂಖ್ಯೆಗಳೋ, ಬರೀ ಮೇಲು ಕೆಳಗು ಹೇಳುವ ಗುರುತುಗಳೋ? ಹಲವು ಹೇಳಿಕೆಗಳ ಅಂಕ ಕೂಡಿಸಿದರೆ ಬರುವ ಮೊತ್ತವನ್ನು ಎಷ್ಟರಮಟ್ಟಿಗೆ ನಂಬಬಹುದು? ಇವೆರಡನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಕಲಿಸುವ ರೂಢಿಯಿದೆ. ಆದರೆ ಇವುಗಳ ಇತಿಹಾಸ ನೋಡಿದರೆ ಎರಡನೆಯದಕ್ಕೆ ಉತ್ತರ ಹುಡುಕದೆ ಮೊದಲನೆಯದನ್ನು ತೀರ್ಮಾನಿಸಲಾಗದು ಎಂಬುದು ಸ್ಪಷ್ಟವಾಗುತ್ತದೆ.

ಲಿಕರ್ಟ್ ಮಾಡಿದ್ದೇನು?

ಮನೋಭಾವವನ್ನು ಅಳೆಯಬಹುದೆಂದು 1928ರಲ್ಲಿ ವಾದಿಸಿದವರು ಶಿಕಾಗೊದ ಎಲ್. ಎಲ್. ಥರ್‌ಸ್ಟನ್. ಅವರ ವಿಧಾನ ಬಹಳ ಶ್ರಮದ್ದು. ಚರ್ಚಿನ ಬಗೆಗಿನ ಮನೋಭಾವ ಅಳೆಯಲು ಥರ್‌ಸ್ಟನ್ ಮತ್ತು ಚೇವ್ 130 ಹೇಳಿಕೆಗಳನ್ನು ಸಂಗ್ರಹಿಸಿ, ಅವನ್ನು ಹನ್ನೊಂದು ಗುಂಪುಗಳಾಗಿ ವಿಂಗಡಿಸುವ ಕೆಲಸವನ್ನು 300 ಜನರಿಗೆ ಕೊಟ್ಟರು. ಆ ವಿಂಗಡಣೆಯಿಂದ ಪ್ರತಿ ಹೇಳಿಕೆಗೂ ಒಂದು ಬೆಲೆ ಕಟ್ಟಿ, ಕೊನೆಗೆ 45 ಹೇಳಿಕೆಗಳನ್ನು ಉಳಿಸಿಕೊಂಡರು.

ಕೊಲಂಬಿಯಾ ವಿಶ್ವವಿದ್ಯಾಲಯದ ರೆನ್ಸಿಸ್ ಲಿಕರ್ಟ್ 1932ರಲ್ಲಿ ಈ ತೀರ್ಪುಗಾರರನ್ನೇ ಕೈಬಿಟ್ಟರು. ಉತ್ತರಿಸುವವರೇ ಪ್ರತಿ ಹೇಳಿಕೆಗೆ ಐದರಲ್ಲೊಂದು ಆಯ್ಕೆಯನ್ನು ಗುರುತು ಹಾಕಬೇಕಿತ್ತು. ಲಿಕರ್ಟ್ ಮೊದಲು ಪ್ರತಿ ಆಯ್ಕೆಯನ್ನು ಎಷ್ಟು ಮಂದಿ ಆರಿಸಿದ್ದಾರೆಂಬುದರ ಮೇಲೆ, ಪ್ರಸಾಮಾನ್ಯ ವಕ್ರರೇಖೆಯ ನೆರವಿನಿಂದ ಅದಕ್ಕೆ ಅಂಕ ಲೆಕ್ಕಹಾಕಿದರು. ಬಳಿಕ ನೇರವಾಗಿ 1, 2, 3, 4, 5 ಎಂದು ಕೊಟ್ಟು ನೋಡಿದರು. ಎರಡೂ ಬಗೆಯ ಮೊತ್ತಗಳ ನಡುವಿನ ಸಹಸಂಬಂಧ 0.99ರಷ್ಟಿತ್ತು. ಸುಲಭದ ದಾರಿ ಗೆದ್ದಿತು.

ಆದರೆ ಆ 0.99 ಬಂದದ್ದು ಹಲವು ಹೇಳಿಕೆಗಳ ಮೊತ್ತಕ್ಕೆ. ಒಂದು ಬಿಡಿ ಹೇಳಿಕೆಯ ಐದು ಆಯ್ಕೆಗಳು ಸಮ ಅಂತರದಲ್ಲಿವೆ ಎಂದು ಲಿಕರ್ಟ್ ಸಾಧಿಸಲಿಲ್ಲ. ಕೂಡಿಸುವ ಮುನ್ನ ಅವರು ಹೇಳಿಕೆಗಳು ಪರಸ್ಪರ ಹೊಂದುತ್ತವೆಯೇ ಎಂದೂ ಪರೀಕ್ಷಿಸಿದ್ದರು. ಮುಂದಿನ ದಶಕಗಳ ಬಳಕೆಯಲ್ಲಿ ಅಂಕ ಉಳಿಯಿತು, ಪರೀಕ್ಷೆ ಎಷ್ಟೋ ಕಡೆ ಬಿಟ್ಟುಹೋಯಿತು.

ಕ್ರಮವೋ ಸಂಖ್ಯೆಯೋ: ಉದ್ದನೆಯ ವಾದ

ಹಾರ್ವರ್ಡಿನ ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ಮಾಪನಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಹೆಸರಿಗಷ್ಟೇ ಇರುವ ಗುರುತು, ಕ್ರಮಸೂಚಕ, ಸಮಾಂತರ, ಅನುಪಾತ. ಕ್ರಮಸೂಚಕ ಅಂಕಗಳಿಗೆ ಮಧ್ಯಾಂಕ ಸಲ್ಲುತ್ತದೆ, ಸರಾಸರಿ ಸಲ್ಲುವುದಿಲ್ಲ ಎಂಬ ನಿಯಮ ಹೊರಟಿದ್ದು ಇಲ್ಲಿಂದ. ಅನುಭವದಲ್ಲಿ ಹಲವೆಡೆ ಸರಾಸರಿಯಿಂದಲೂ ಫಲ ಸಿಕ್ಕಿದೆಯೆಂದು ಅದೇ ಲೇಖನದಲ್ಲಿ ಸ್ಟೀವನ್ಸ್ ಒಪ್ಪಿಕೊಂಡಿದ್ದರು. ಆ ಭಾಗವನ್ನು ನೆನೆಯುವವರು ಕಡಿಮೆ. 1953ರಲ್ಲಿ ಫ್ರೆಡರಿಕ್ ಲಾರ್ಡ್ ಫುಟ್‌ಬಾಲ್ ಆಟಗಾರರ ಅಂಗಿ ಸಂಖ್ಯೆಗಳ ಕಥೆಯೊಂದನ್ನು ಕಟ್ಟಿ, ಸಂಖ್ಯೆ ಎಲ್ಲಿಂದ ಬಂತೆಂಬುದು ಲೆಕ್ಕದ ಸೂತ್ರಕ್ಕೆ ಬೇಕಿಲ್ಲ ಎಂದು ವಾದಿಸಿದರು. ಈ ವಾದ ಇನ್ನೂ ಮುಗಿದಿಲ್ಲ. ವೈದ್ಯಕೀಯ ಶಿಕ್ಷಣದ ಪತ್ರಿಕೆಗಳಲ್ಲಿ 2004ರಲ್ಲಿ ಸೂಸನ್ ಜೇಮಿಸನ್ ಸರಾಸರಿಯ ದುರ್ಬಳಕೆಯನ್ನು ಟೀಕಿಸಿದರೆ, 2010ರಲ್ಲಿ ಜೆಫ್ ನಾರ್ಮನ್ ಸಾಮಾನ್ಯ ಪರೀಕ್ಷೆಗಳು ಇಂಥ ದತ್ತಾಂಶವನ್ನು ತಾಳಿಕೊಳ್ಳುತ್ತವೆ ಎಂದು ಉತ್ತರಿಸಿದರು.

ಈ ವಾದದಲ್ಲಿ ಏನು ಪಣಕ್ಕಿದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕ ತೋರಿಸುತ್ತದೆ. 'ಹೊಸ ಪಠ್ಯಪುಸ್ತಕ ಪಾಠ ಮಾಡಲು ಅನುಕೂಲವಾಗಿದೆ' ಎಂಬ ಹೇಳಿಕೆಗೆ ನೂರು ನೂರು ಶಿಕ್ಷಕರ ಎರಡು ಗುಂಪುಗಳು ಉತ್ತರಿಸಿವೆ ಎಂದುಕೊಳ್ಳೋಣ. ಮೊದಲ ಗುಂಪಿನಲ್ಲಿ 50 ಮಂದಿ 2 ಎಂದೂ 50 ಮಂದಿ 5 ಎಂದೂ ಗುರುತು ಹಾಕಿದ್ದಾರೆ. ಸರಾಸರಿ 3.5. ಎರಡನೆಯ ಗುಂಪಿನಲ್ಲಿ 60 ಮಂದಿ 3, 40 ಮಂದಿ 4. ಸರಾಸರಿ 3.4. ಮೊದಲ ಗುಂಪೇ ಮೇಲು ಎನ್ನಬಹುದೇ? 'ಒಪ್ಪುತ್ತೇನೆ' ಮತ್ತು 'ಪೂರ್ತಿ ಒಪ್ಪುತ್ತೇನೆ' ಎಂಬುವುಗಳ ನಡುವಿನ ಅಂತರ ಉಳಿದವುಗಳ ಅರ್ಧದಷ್ಟೇ ಎಂದು ಭಾವಿಸಿ, 5ರ ಬದಲು 4.5 ಕೊಡಿ. ಆಯ್ಕೆಗಳ ಕ್ರಮ ಕದಲಿಲ್ಲ, ಆದರೆ ಮೊದಲ ಗುಂಪಿನ ಸರಾಸರಿ 3.25ಕ್ಕೆ ಇಳಿದು ಎರಡನೆಯದು ಮೇಲಾಯಿತು. ಅಂದರೆ ಮೊದಲು ಬಂದ ತೀರ್ಮಾನ ಶಿಕ್ಷಕರ ಉತ್ತರಗಳಿಗಿಂತ ನಾವು ಕೊಟ್ಟ ಅಂಕಗಳ ಮೇಲೆ ನಿಂತಿತ್ತು.

ಇಂಥ ಅಪಾಯವನ್ನು ಕಂಡುಹಿಡಿಯುವ ದಾರಿಯೂ ಇದೆ. ಪ್ರತಿ ಆಯ್ಕೆಯವರೆಗಿನ ಶೇಕಡಾವಾರು ಸಂಚಿತ ಮೊತ್ತ ಬರೆಯಿರಿ. 2 ಅಥವಾ ಅದಕ್ಕಿಂತ ಕೆಳಗೆ ಇರುವವರು ಮೊದಲ ಗುಂಪಿನಲ್ಲಿ 50, ಎರಡನೆಯದರಲ್ಲಿ ಯಾರೂ ಇಲ್ಲ. 3ರವರೆಗೆ ನೋಡಿದರೆ 50 ಮತ್ತು 60, 4ರವರೆಗೆ 50 ಮತ್ತು 100. ಕೆಳಗೆ ಹಿಂದಿದ್ದ ಗುಂಪು ಮೇಲೆ ಹೋಗುತ್ತಿದ್ದಂತೆ ಮುಂದಾಗಿದೆ, ಎರಡು ಸಾಲುಗಳು ಪರಸ್ಪರ ಅಡ್ಡ ಹಾಯ್ದಿವೆ. ಹೀಗೆ ಹಾಯ್ದರೆ ಅಂಕಗಳನ್ನು ಬದಲಿಸಿ ಫಲಿತಾಂಶವನ್ನು ತಿರುಗಿಸಬಹುದು. ಒಂದು ಗುಂಪಿನ ಸಂಚಿತ ಮೊತ್ತ ಯಾವ ಹಂತದಲ್ಲೂ ಇನ್ನೊಂದಕ್ಕಿಂತ ಹೆಚ್ಚಿಲ್ಲದಿದ್ದರೆ, ಕ್ರಮ ಕೆಡಿಸದ ಯಾವ ಅಂಕ ಕೊಟ್ಟರೂ ಅದರ ಸರಾಸರಿ ಹಿಂದೆ ಬೀಳುವುದಿಲ್ಲ. ಆಗ ಯಾರು ಮೇಲೆಂಬ ಪ್ರಶ್ನೆಗೆ ಸರಾಸರಿಯ ಉತ್ತರವನ್ನು ನಂಬಬಹುದು.

ಸಾಲುಗಳು ಹಾಯ್ದಾಗ ನೆರವಿಗೆ ಬರುವವು ಕ್ರಮಸೂಚಕ ಮಾದರಿಗಳು. 1980ರಲ್ಲಿ ಪೀಟರ್ ಮೆಕಲ್ಲಾ ವಿವರಿಸಿದ ಮಾದರಿಯ ಹಿಂದಿನ ಆಲೋಚನೆ ಸರಳ: ಒಳಗಿನ ಅಭಿಪ್ರಾಯ ಅಖಂಡವಾಗಿ ಹರಡಿದೆ, ಆಯ್ಕೆಗಳು ಅದನ್ನು ಕೆಲವು ಗಡಿಗಳಲ್ಲಿ ಕತ್ತರಿಸುತ್ತವೆ. ಆ ಗಡಿಗಳ ನಡುವಿನ ಅಂತರ ಸಮ ಎಂದು ಭಾವಿಸದೆ ದತ್ತಾಂಶದಿಂದಲೇ ಅಂದಾಜು ಮಾಡಲಾಗುತ್ತದೆ. ಆದರೆ ಇದಕ್ಕೂ ಮಿತಿಯಿದೆ. ಸಾಮಾನ್ಯ ಬಳಕೆಯ ರೂಪದಲ್ಲಿ ಗುಂಪುಗಳ ವ್ಯತ್ಯಾಸ ಎಲ್ಲ ಗಡಿಗಳಲ್ಲೂ ಒಂದೇ ಪ್ರಮಾಣದ್ದು ಎಂಬ ಷರತ್ತಿದೆ. ನಮ್ಮ ಶಿಕ್ಷಕರ ಉದಾಹರಣೆಯಲ್ಲಿ ಆ ಷರತ್ತೇ ಮುರಿದಿದೆ. ಮೊದಲ ಗುಂಪು ಇಬ್ಭಾಗವಾಗಿದೆ, ಎರಡನೆಯದು ನಡುವೆ ಒತ್ತಾಗಿದೆ. ಹರಡಿಕೆಯ ಈ ಭೇದಕ್ಕೂ ಮಾದರಿಯಲ್ಲಿ ಜಾಗ ಕೊಡಬೇಕು. ಲಿಡೆಲ್ ಮತ್ತು ಕ್ರೂಷ್ಕ 2018ರಲ್ಲಿ ತೋರಿಸಿದ್ದು ಇದನ್ನೇ. ಕ್ರಮಸೂಚಕ ಅಂಕಗಳನ್ನು ಸಂಖ್ಯೆಯಂತೆ ಎಣಿಸಿದಾಗ ಇಲ್ಲದ ವ್ಯತ್ಯಾಸ ಕಾಣಬಹುದು, ಇರುವುದು ಕಾಣದೆ ಹೋಗಬಹುದು, ಕೆಲವೊಮ್ಮೆ ದಿಕ್ಕೇ ತಿರುಗಬಹುದು. ಹಲವು ಹೇಳಿಕೆಗಳ ಸರಾಸರಿ ತೆಗೆದರೂ ಈ ದೋಷ ತಾನಾಗಿ ಮಾಯವಾಗುವುದಿಲ್ಲ ಎಂದೂ ಅವರು ಎಚ್ಚರಿಸಿದರು.

ಆಯ್ಕೆಗಳ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ. ಹೇಳಿಕೆಗಳ ಹಿಂದಿನ ಸಮಾನ ಅಂಶವನ್ನು ಹುಡುಕುವ ವಿಶ್ಲೇಷಣೆಯಲ್ಲಿ, ಐದು ಅಥವಾ ಹೆಚ್ಚು ಆಯ್ಕೆಗಳಿದ್ದರೆ ಸೂಕ್ತ ತಿದ್ದುಪಡಿಯೊಂದಿಗೆ ಅಂಕಗಳನ್ನು ಸಂಖ್ಯೆಗಳಾಗಿಯೇ ಬಳಸಬಹುದು, ಅದಕ್ಕಿಂತ ಕಡಿಮೆಯಿದ್ದರೆ ಕ್ರಮಸೂಚಕವಾಗಿ ನೋಡುವುದೇ ಮೇಲು ಎಂದು ರೆಮ್‌ತುಲ್ಲಾ ಮತ್ತು ಸಂಗಡಿಗರು 2012ರಲ್ಲಿ ಕಂಡುಕೊಂಡರು.

ಮೊತ್ತವನ್ನು ನಂಬಬಹುದೇ?

ಹೇಳಿಕೆಗಳನ್ನು ಕೂಡಿಸಲು ಅವು ಒಂದೇ ಸಂಗತಿಯನ್ನು ಹೇಳುತ್ತಿರಬೇಕು. ಇದನ್ನು ಅಳೆಯಲು ಮೊದಲು ಪ್ರಶ್ನಾವಳಿಯನ್ನು ಎರಡು ಅರ್ಧಗಳಾಗಿ ಒಡೆದು ಹೋಲಿಸುತ್ತಿದ್ದರು. ಒಡೆಯುವ ಬಗೆ ಬದಲಾದಂತೆ ಉತ್ತರವೂ ಬದಲಾಗುತ್ತಿತ್ತು. ಈ ತೊಡಕನ್ನು ಸರಿ–ತಪ್ಪು ಉತ್ತರಗಳ ಮಟ್ಟಿಗೆ 1937ರಲ್ಲಿ ಕೂಡರ್ ಮತ್ತು ರಿಚರ್ಡ್‌ಸನ್ ಬಿಡಿಸಿದರು. ಅದೇ ಲೆಕ್ಕವನ್ನು ಎಲ್ಲ ಬಗೆಯ ಅಂಕಗಳಿಗೆ ವಿಸ್ತರಿಸಿದ ರೂಪ 1945ರಲ್ಲಿ ಗಟ್‌ಮನ್ ಬರಹದಲ್ಲೂ ಇತ್ತು. 1951ರಲ್ಲಿ ಲೀ ಕ್ರಾನ್‌ಬಾಕ್ ಅದಕ್ಕೆ ಆಲ್ಫಾ ಎಂಬ ಹೆಸರು ಕೊಟ್ಟು ಬಳಕೆಗೆ ತಂದರು. ಎಲ್ಲ ಹೇಳಿಕೆಗಳ ಹರಡಿಕೆ ಸಮವಿದ್ದಾಗ ಅದು ಹೀಗಿರುತ್ತದೆ:

α = k·r / (1 + (k − 1)·r)

ಇಲ್ಲಿ k ಹೇಳಿಕೆಗಳ ಸಂಖ್ಯೆ, r ಜೋಡಿಗಳ ನಡುವಿನ ಸರಾಸರಿ ಸಹಸಂಬಂಧ. ಪಠ್ಯಪುಸ್ತಕದ ಬಗ್ಗೆ ನಾಲ್ಕು ಹೇಳಿಕೆಗಳಿದ್ದು r 0.40 ಆಗಿದ್ದರೆ ಆಲ್ಫಾ 1.6 ಭಾಗಿಸು 2.2, ಅಂದರೆ 0.73. ಹೇಳಿಕೆಗಳು ಇಪ್ಪತ್ತಿದ್ದರೆ r ಬರೀ 0.12 ಇದ್ದರೂ ಅಷ್ಟೇ ಬರುತ್ತದೆ. ಉದ್ದ ಹೆಚ್ಚಿಸಿದರೆ ಆಲ್ಫಾ ಏರುತ್ತದೆ, ಹೇಳಿಕೆಗಳ ಬಾಂಧವ್ಯ ಏರಬೇಕಿಲ್ಲ.

ಇನ್ನೂ ದೊಡ್ಡ ತಪ್ಪು ತಿಳಿವಳಿಕೆಯೆಂದರೆ, ಆಲ್ಫಾ ಹೆಚ್ಚಿದ್ದರೆ ಮಾಪಕ ಒಂದೇ ಸಂಗತಿಯನ್ನು ಅಳೆಯುತ್ತದೆ ಎಂಬುದು. ಹತ್ತು ಹೇಳಿಕೆಗಳಲ್ಲಿ ಐದು ಪುಸ್ತಕದ ಭಾಷೆಯ ಬಗ್ಗೆ, ಐದು ಸಂಬಳದ ಬಗ್ಗೆ ಎಂದುಕೊಳ್ಳಿ. ಒಂದೇ ಗುಂಪಿನೊಳಗಿನ ಸಹಸಂಬಂಧ 0.50, ಎರಡರ ನಡುವೆ ಸೊನ್ನೆ. ಒಟ್ಟು 45 ಜೋಡಿಗಳಲ್ಲಿ 20ಕ್ಕಷ್ಟೇ ಸಂಬಂಧ ಇರುವುದರಿಂದ ಸರಾಸರಿ 0.22. ಆದರೂ ಆಲ್ಫಾ 0.74! ಪರಸ್ಪರ ಸಂಬಂಧವೇ ಇಲ್ಲದ ಎರಡು ವಿಷಯಗಳ ಮೊತ್ತ, ಸಾಮಾನ್ಯವಾಗಿ ಸಾಕೆನ್ನುವ 0.70ರ ಗೆರೆಯನ್ನು ದಾಟಿಬಿಟ್ಟಿತು. ಆದ್ದರಿಂದ ಸಹಸಂಬಂಧಗಳ ಪಟ್ಟಿಯನ್ನು ಕಣ್ಣಾರೆ ನೋಡಿ, ಹಿಂದೆ ಎಷ್ಟು ಸಮಾನ ಅಂಶಗಳಿವೆ ಎಂದು ತಿಳಿದ ಮೇಲಷ್ಟೇ ಆಲ್ಫಾ ಲೆಕ್ಕಕ್ಕೆ ಅರ್ಥ ಬರುತ್ತದೆ.

ಆಲ್ಫಾ ತೀರಾ ಇಳಿದಿದ್ದರೆ ಮೊದಲು ಸಂಶಯಿಸಬೇಕಾದ್ದು ತಿರುವು ಹೇಳಿಕೆಗಳನ್ನು. 1965ರ ರೋಸೆನ್‌ಬರ್ಗ್ ಸ್ವಾಭಿಮಾನ ಮಾಪಕದ ಹತ್ತು ಹೇಳಿಕೆಗಳಲ್ಲಿ ಐದು ಮೆಚ್ಚುಗೆಯವು, ಐದು ಅದಕ್ಕೆ ವಿರುದ್ಧವಾದವು. ಇಂಥವಕ್ಕೆ ಕೂಡಿಸುವ ಮುಂಚೆ ಅಂಕ ತಿರುಗಿಸಬೇಕು. ಐದು ಆಯ್ಕೆಗಳಿದ್ದರೆ 6ರಿಂದ ಕಳೆಯಬೇಕು. ನಮ್ಮ ನಾಲ್ಕು ಹೇಳಿಕೆಗಳಲ್ಲಿ ಒಂದನ್ನು ತಿರುಗಿಸಲು ಮರೆತರೆ ಆರು ಜೋಡಿಗಳಲ್ಲಿ ಮೂರು 0.40, ಮೂರು −0.40 ಆಗಿ ಆಲ್ಫಾ 0.73ರಿಂದ ನೇರ ಸೊನ್ನೆಗೆ ಬೀಳುತ್ತದೆ. ಪ್ರತಿ ಹೇಳಿಕೆಯನ್ನು ಉಳಿದ ಮೂರರ ಮೊತ್ತದೊಡನೆ ಹೋಲಿಸಿ ನೋಡಿ. ತಪ್ಪಿದ ಹೇಳಿಕೆಯೊಂದಕ್ಕೆ ಮಾತ್ರ ಋಣ ಸಹಸಂಬಂಧ ಇರುತ್ತದೆ. ಕನ್ನಡದಲ್ಲಿ ಹೇಳಿಕೆ ಬರೆಯುವಾಗ ಇನ್ನೊಂದು ತೊಡಕೂ ಇದೆ. 'ಈ ಪುಸ್ತಕದಿಂದ ಉಪಯೋಗವಿಲ್ಲ' ಎಂಬುದಕ್ಕೆ 'ಒಪ್ಪುವುದಿಲ್ಲ' ಎಂದು ಗುರುತು ಹಾಕುವವರು ಎರಡು ನಿಷೇಧಗಳನ್ನು ಬಿಡಿಸಿಕೊಳ್ಳಬೇಕಾಗುತ್ತದೆ. ಅವಸರದಲ್ಲಿ ಕೆಲವರು ತಿರುವುಮುರುವಾಗಿ ಗುರುತು ಹಾಕುತ್ತಾರೆ.

ಆಲ್ಫಾದ ಮುಂದೆ

ನೋವಿಕ್ ಮತ್ತು ಲೂಯಿಸ್ 1967ರಲ್ಲಿ ತೋರಿಸಿದಂತೆ, ಹೇಳಿಕೆಗಳ ದೋಷಗಳು ಪರಸ್ಪರ ಸ್ವತಂತ್ರವಾಗಿದ್ದರೆ ಆಲ್ಫಾ ವಿಶ್ವಾಸಾರ್ಹತೆಯ ಕೆಳಮಿತಿ. ಎಲ್ಲ ಹೇಳಿಕೆಗಳಲ್ಲೂ ಸಮಾನ ಅಂಶ ಒಂದೇ ಪ್ರಮಾಣದಲ್ಲಿದ್ದಾಗ ಮಾತ್ರ ಎರಡೂ ಸಮ. ರೋಡರಿಕ್ ಮೆಕ್‌ಡೊನಾಲ್ಡ್ ಮುಂದಿಟ್ಟ ಒಮೇಗಾ ಈ ಸಮಾನತೆಯನ್ನು ಬೇಡುವುದಿಲ್ಲ. ನಾಲ್ಕು ಹೇಳಿಕೆಗಳು ಸಮಾನ ಅಂಶದೊಡನೆ 0.9, 0.7, 0.5, 0.3ರಷ್ಟು ಹೊಂದಿದ್ದರೆ ಒಮೇಗಾ 0.71, ಆಲ್ಫಾ 0.68. ಅಂತರ ಸಣ್ಣದೇ. ಒಂದೇ ಮಾತನ್ನು ಪದ ಬದಲಿಸಿ ಎರಡು ಸಲ ಕೇಳಿದ್ದರೆ ಮಾತ್ರ ದೋಷಗಳೂ ಹೆಣೆದುಕೊಂಡು ಆಲ್ಫಾ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ಸೈಟ್ಸ್ಮ 2009ರಲ್ಲಿ ಆಲ್ಫಾವನ್ನು ಕಟುವಾಗಿ ವಿಮರ್ಶಿಸಿದ ಮೇಲೆ ಒಮೇಗಾವನ್ನೂ ಸಮಾನ ಅಂಶಗಳ ವಿಶ್ಲೇಷಣೆಯನ್ನೂ ಜೊತೆಗೆ ಕೊಡುವ ರೂಢಿ ಬಲವಾಯಿತು.

0.70ರ ಗೆರೆಗೂ ಸಂದರ್ಭವಿದೆ. ನನಲಿ 1978ರಲ್ಲಿ ಅದನ್ನು ಹೇಳಿದ್ದು ಸಂಶೋಧನೆಯ ಆರಂಭದ ಹಂತಕ್ಕೆ. ವ್ಯಕ್ತಿಗಳ ಬಗ್ಗೆ ತೀರ್ಮಾನ ಮಾಡುವಲ್ಲಿ 0.90 ಕನಿಷ್ಠ ಎಂದರು. ಕಾರಣ ನಮ್ಮ ಲೆಕ್ಕದಲ್ಲೇ ಇದೆ. ಪ್ರತಿ ಹೇಳಿಕೆಯ ಮಾನಕ ವಿಚಲನೆ 1 ಆಗಿದ್ದರೆ ನಾಲ್ಕರ ಮೊತ್ತದ ವಿಚಲನೆ ಸುಮಾರು 3. ಆಲ್ಫಾ 0.73 ಇದ್ದರೆ ಒಬ್ಬರ ಅಂಕದಲ್ಲಿರುವ ಅಳತೆಯ ದೋಷ 3ನ್ನು 0.27ರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ ಸುಮಾರು 1.6. ಒಬ್ಬ ಶಿಕ್ಷಕಿಗೆ 14, ಇನ್ನೊಬ್ಬರಿಗೆ 12 ಬಂದರೆ ಆ ವ್ಯತ್ಯಾಸ ಅಳತೆಯ ಅಲುಗಾಟದೊಳಗೇ ಇದೆ. ನೂರು ಜನರ ಸರಾಸರಿಯಲ್ಲಿ ಇಂಥ ದೋಷ ಬಹುಪಾಲು ಕರಗುತ್ತದೆ. ಹಾಗಾಗಿ ಅದೇ ಮಾಪಕ ಗುಂಪುಗಳನ್ನು ಹೋಲಿಸಲು ಸಾಕಾದೀತು, ವ್ಯಕ್ತಿಗಳನ್ನು ಹೋಲಿಸಲು ಸಾಲದು.

ಈ ದಾರಿಯನ್ನೆಲ್ಲ ಗಮನಿಸಿದರೆ ಕೆಲಸದ ಕ್ರಮ ತಿಳಿಯುತ್ತದೆ. ಪ್ರತಿ ಹೇಳಿಕೆಗೂ ಆಯ್ಕೆವಾರು ಎಣಿಕೆ ಕೊಡಬೇಕು. ಬಿಡಿ ಹೇಳಿಕೆಯನ್ನು ಕ್ರಮಸೂಚಕವಾಗಿಯೇ ನೋಡಬೇಕು, ಸರಾಸರಿ ಕೊಟ್ಟರೆ ಸಂಚಿತ ಸಾಲುಗಳನ್ನೂ ತೋರಿಸಬೇಕು. ಅಂಕ ತಿರುಗಿಸಿ, ಸಮಾನ ಅಂಶ ಒಂದೇ ಎಂದು ಖಚಿತವಾದ ಮೇಲೆ ಕೂಡಿಸಬೇಕು. ಆ ಮೊತ್ತವನ್ನು ಸಂಖ್ಯೆಯಾಗಿ ಬಳಸುವಾಗಲೂ ಗುಂಪುಗಳ ಹರಡಿಕೆಯ ಮೇಲೆ ಕಣ್ಣಿಟ್ಟಿರಬೇಕು. ವಿಶ್ವಾಸಾರ್ಹತೆ ಪ್ರಶ್ನಾವಳಿಗೆ ಒಮ್ಮೆ ಸಿಕ್ಕು ಶಾಶ್ವತವಾಗಿ ಉಳಿಯುವ ಗುಣವಲ್ಲ, ಅದು ಉತ್ತರಿಸಿದ ಜನರನ್ನೂ ಅವಲಂಬಿಸಿದೆ. ಎಲ್ಲರ ಅಭಿಪ್ರಾಯವೂ ಹೆಚ್ಚುಕಡಿಮೆ ಒಂದೇ ಆಗಿರುವ ಗುಂಪಿನಲ್ಲಿ ಒಳ್ಳೆಯ ಮಾಪಕದ ಆಲ್ಫಾವೂ ಕುಸಿಯುತ್ತದೆ. ಬೇರೆಯವರ ಅಧ್ಯಯನದ ಆಲ್ಫಾವನ್ನು ಎತ್ತಿ ಬರೆದರೆ ಸಾಲದು. ನಮ್ಮ ಮುಂದಿರುವ ಉತ್ತರಗಳಿಂದಲೇ ಅದನ್ನು ಪ್ರತಿ ಸಲವೂ ಹೊಸದಾಗಿ ಲೆಕ್ಕ ಹಾಕಬೇಕು.